ಆಯ್ಕೆಗಳಲ್ಲಿ ಒಂದೇ ಥರ ಕಾಣುವ ಪದಗಳು: ಹಣದುಬ್ಬರ, ರಾಷ್ಟ್ರೀಯ ಆದಾಯ, ಹಣದ ಪೂರೈಕೆ

ಪ್ರಶ್ನೆ: ಸರ್, ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ. ಅರ್ಥಶಾಸ್ತ್ರದ ವ್ಯಾಖ್ಯಾನಗಳೆಲ್ಲ ಬಾಯಿಪಾಠ ಇವೆ. ಆದರೂ ನಾಲ್ಕು ಆಯ್ಕೆ ಎದುರಿಗೆ ಬಂದರೆ ಎರಡರಲ್ಲಿ ಸಿಕ್ಕಿಕೊಳ್ಳುತ್ತೇನೆ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ವಾ? ಗಲ್ಫ್‌ನಲ್ಲಿರುವ ನಮ್ಮಣ್ಣ ಮನೆಗೆ ಕಳಿಸುವ ದುಡ್ಡು ಜಿಎನ್‌ಪಿಗೆ ಸೇರಬೇಕಲ್ವಾ? ಎಂ0, ಎಂ1, ಎಂ3 ಅಂದರೆ ಒಂದರೊಳಗೆ ಒಂದು ಇರುವ ಪೆಟ್ಟಿಗೆಗಳಲ್ವಾ? ಈ ಮೂರೂ ತಪ್ಪು ಅಂತ ಕೀ ಉತ್ತರ ಹೇಳುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೂರಕ್ಕೂ ಕೀ ಉತ್ತರವೇ ಸರಿ. ನೀವು ಎಡವುತ್ತಿರುವ ಜಾಗವೂ ಮೂರರಲ್ಲಿ ಒಂದೇ. ಪದದ ಅರ್ಥ ನಿಮಗೆ ಗೊತ್ತಿದೆ, ಆದರೆ ಆ ಪದ ಯಾವ ಸಂಖ್ಯೆಯ ಹೆಸರು, ಆ ಸಂಖ್ಯೆಯ ಒಳಗೆ ಏನನ್ನು ಎಣಿಸುತ್ತಾರೆ, ಏನನ್ನು ಹೊರಗೆ ಬಿಡುತ್ತಾರೆ ಎಂದು ನೋಡುತ್ತಿಲ್ಲ. ಪ್ರಶ್ನೆ ತೆಗೆಯುವವರು ಆಟ ಆಡುವುದು ಅಲ್ಲೇ. ಪಕ್ಕಪಕ್ಕದ ಎರಡು ಪದ ತೆಗೆದುಕೊಂಡು ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ಹಾಗಾಗಿ ನಿಮ್ಮ ಮೂರೂ ಪ್ರಶ್ನೆಗಳನ್ನು ಅಂಕಿ ಇಟ್ಟುಕೊಂಡೇ ನೋಡೋಣ.

ಮೊದಲು ಹಣದುಬ್ಬರ. ಇಲ್ಲಿ ಎರಡು ಬೇರೆ ಸಂಖ್ಯೆಗಳಿವೆ. ಒಂದು ಬೆಲೆ ಸೂಚ್ಯಂಕ, ಅಂದರೆ ಬೆಲೆಗಳು ಈಗ ಯಾವ ಮಟ್ಟದಲ್ಲಿವೆ ಎಂಬುದು. ಇನ್ನೊಂದು ಆ ಸೂಚ್ಯಂಕ ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಬದಲಾಯಿತು ಎಂಬುದು. ಹಣದುಬ್ಬರ ಎನ್ನುವುದು ಎರಡನೆಯದರ ಹೆಸರು.

ಸೂಚ್ಯಂಕ ಒಂದು ವರ್ಷ 100 ಇತ್ತು ಅಂದುಕೊಳ್ಳಿ. ಮುಂದಿನ ವರ್ಷ 108, ಆಮೇಲೆ 113.4, ಆಮೇಲೆ 115.7, ಕೊನೆಗೆ 113.4. ಈಗ ದರ ತೆಗೆಯಿರಿ. ಮೊದಲ ಬದಲಾವಣೆ ಶೇ. 8. ಎರಡನೆಯದು ಶೇ. 5. ಮೂರನೆಯದು ಸುಮಾರು ಶೇ. 2. ನಾಲ್ಕನೆಯದು ಸುಮಾರು ಮೈನಸ್ ಶೇ. 2. ದರ 8ರಿಂದ 5ಕ್ಕೆ, 5ರಿಂದ 2ಕ್ಕೆ ಬಂದ ಎರಡು ವರ್ಷ ಇದೆಯಲ್ಲ, ಅದು ಡಿಸ್‌ಇನ್‌ಫ್ಲೇಶನ್. ಆ ಎರಡೂ ವರ್ಷ ಸೂಚ್ಯಂಕ ಮೇಲಕ್ಕೇ ಹೋಗಿದೆ. ಬೆಲೆ ಜಾಸ್ತಿಯೇ ಆಗಿದೆ, ಜಾಸ್ತಿಯಾಗುವ ವೇಗ ಮಾತ್ರ ಕಡಿಮೆಯಾಗಿದೆ. ಕೊನೆಯ ವರ್ಷ ಸೂಚ್ಯಂಕವೇ ಕೆಳಗೆ ಬಂತು, ದರ ಸೊನ್ನೆಗಿಂತ ಕೆಳಕ್ಕೆ ಹೋಯಿತು. ಡಿಫ್ಲೇಶನ್ ಅನ್ನುವುದು ಅದನ್ನು ಮಾತ್ರ. ಹಾಗೆ ಬಿದ್ದ ಬೆಲೆಯನ್ನು ಸರ್ಕಾರವೋ ಕೇಂದ್ರ ಬ್ಯಾಂಕೋ ಬೇಡಿಕೆ ಹೆಚ್ಚಿಸಿ ಮತ್ತೆ ಮೇಲಕ್ಕೆ ತರಲು ಹೊರಟರೆ ಅದು ರಿಫ್ಲೇಶನ್. ಸ್ಟ್ಯಾಗ್‌ಫ್ಲೇಶನ್ ಅನ್ನುವುದಕ್ಕೆ ಬೆಲೆಯ ಅಂಕಿ ಒಂದೇ ಸಾಲದು. ಬೆಳವಣಿಗೆ ನಿಂತಿರಬೇಕು, ನಿರುದ್ಯೋಗ ಇರಬೇಕು, ಬೆಲೆಯೂ ಏರುತ್ತಿರಬೇಕು.

ನಮ್ಮ ದೇಶದ್ದೇ ಅಂಕಿ ನೋಡಿ. ಗ್ರಾಹಕ ಬೆಲೆ ಸೂಚ್ಯಂಕದ, ಅಂದರೆ ಸಿಪಿಐನ, ಪ್ರಕಾರ ಸರಾಸರಿ ಹಣದುಬ್ಬರ 2022-23ರಲ್ಲಿ ಶೇ. 6.7, 2023-24ರಲ್ಲಿ ಶೇ. 5.4, 2024-25ರಲ್ಲಿ ಶೇ. 4.6. ಇದು ಡಿಸ್‌ಇನ್‌ಫ್ಲೇಶನ್. ಹಾಗಂತ ಅಂಗಡಿಯಲ್ಲಿ ಯಾರ ಬಿಲ್ಲೂ ಇಳಿದಿರಲಿಲ್ಲ. ‘ಹಣದುಬ್ಬರ ಇಳಿಯುತ್ತಿದೆ ಅಂತಾರೆ, ದಿನಸಿ ಮಾತ್ರ ಅಗ್ಗ ಆಗಲಿಲ್ಲ’ ಎಂದು ಜನ ಸಿಟ್ಟಾಗುವುದು ಇದಕ್ಕೇ. ಎರಡೂ ಮಾತು ನಿಜ.

ಇನ್ನೂ ಸೂಕ್ಷ್ಮವಾದ ಒಂದು ಪ್ರಸಂಗ ಇದೆ, ಇದನ್ನು ಸರಿಯಾಗಿ ಹಿಡಿದುಕೊಳ್ಳಿ. 2024ರ ಜೂನ್‌ನಲ್ಲಿ ಶೇ. 5.08 ಇದ್ದ ಹಣದುಬ್ಬರ ಜುಲೈನಲ್ಲಿ, ಮೊದಲು ಪ್ರಕಟವಾದ ಅಂಕಿಯಂತೆ, ಶೇ. 3.54ಕ್ಕೆ ಬಂತು. ಆದರೆ ಅದೇ ಜುಲೈನಲ್ಲಿ ಸೂಚ್ಯಂಕ ಜೂನ್‌ಗಿಂತ ಮೇಲಿತ್ತು! ಒಂದು ತಿಂಗಳಲ್ಲಿ ಬೆಲೆ ಏರಿದೆ, ಹಣದುಬ್ಬರ ಇಳಿದಿದೆ. ಹೇಗೆ? ಹೋಲಿಕೆ ಜೂನ್ ಜೊತೆ ಅಲ್ಲ, ಹಿಂದಿನ ವರ್ಷದ ಜುಲೈ ಜೊತೆ. 2023ರ ಜುಲೈ ನೆನಪಿದೆಯಾ? ಟೊಮೆಟೊ ಎಷ್ಟೋ ಊರುಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದ ತಿಂಗಳು. ಆಗ ಹಣದುಬ್ಬರ ಶೇ. 7.44 ಆಗಿತ್ತು. ಅಷ್ಟು ಎತ್ತರದ ಬುಡಕ್ಕೆ ಹೋಲಿಸಿದ್ದರಿಂದ 2024ರ ಏರಿಕೆ ಚಿಕ್ಕದಾಗಿ ಕಂಡಿತು. ಬೇಸ್ ಎಫೆಕ್ಟ್ ಅಂದರೆ ಇದೇ. ‘ಬೇಸ್ ಎಫೆಕ್ಟ್‌ನಿಂದ ಹಣದುಬ್ಬರ ಇಳಿದಿದೆ ಎಂದರೆ ಆ ತಿಂಗಳು ಬೆಲೆ ಇಳಿದಿದೆ’ ಎಂದು ಹೇಳಿಕೆ ಕೊಟ್ಟರೆ ಧೈರ್ಯವಾಗಿ ತಪ್ಪು ಎಂದು ಗುರುತು ಹಾಕಿ.

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲ ಬರುತ್ತದೆ. ಸೂಚ್ಯಂಕ ಅಂದರೆ ಯಾವ ಸೂಚ್ಯಂಕ? 2023-24ರಲ್ಲಿ ಸಿಪಿಐ ಹಣದುಬ್ಬರ ಶೇ. 5.4 ಇದ್ದಾಗ ಸಗಟು ಬೆಲೆ ಸೂಚ್ಯಂಕದ್ದು, ಅಂದರೆ ಡಬ್ಲ್ಯುಪಿಐದ್ದು, ಮೈನಸ್ ಶೇ. 0.7 ಇತ್ತು. ಒಂದೇ ದೇಶ, ಒಂದೇ ವರ್ಷ, ಆದರೂ ಒಂದು ಏರಿದೆ, ಇನ್ನೊಂದು ಇಳಿದಿದೆ. ಕಾರಣ ಬುಟ್ಟಿಯಲ್ಲಿರುವ ಸಾಮಾನು ಬೇರೆ. 2011-12 ಮೂಲವರ್ಷದ ಡಬ್ಲ್ಯುಪಿಐನಲ್ಲಿ ಶೇ. 64ಕ್ಕೂ ಹೆಚ್ಚು ತೂಕ ಕಾರ್ಖಾನೆಯ ವಸ್ತುಗಳದ್ದು. ಸೇವೆಗಳು ಅದರಲ್ಲಿ ಇಲ್ಲವೇ ಇಲ್ಲ. ಮನೆ ಬಾಡಿಗೆ, ಶಾಲೆ ಫೀಸು, ಆಸ್ಪತ್ರೆ ಖರ್ಚು ಏರಿದರೆ ಡಬ್ಲ್ಯುಪಿಐಗೆ ಗೊತ್ತೇ ಆಗುವುದಿಲ್ಲ. 2012 ಮೂಲವರ್ಷದ ಸಿಪಿಐನಲ್ಲಿ ಆಹಾರ ಮತ್ತು ಪಾನೀಯದ ತೂಕವೇ ಶೇ. 45.86. ಆ ವರ್ಷ ಇಂಧನ, ಲೋಹ ಮುಂತಾದವುಗಳ ಬೆಲೆ ಹಿಂದಿನ ವರ್ಷದ ಎತ್ತರದಿಂದ ಇಳಿದಿತ್ತು, ಆಹಾರದ್ದು ಇಳಿದಿರಲಿಲ್ಲ. ಅದಕ್ಕೇ ಎರಡು ಸೂಚ್ಯಂಕ ಎರಡು ದಿಕ್ಕು ಹಿಡಿದವು. ‘2023-24ರಲ್ಲಿ ಭಾರತದಲ್ಲಿ ಡಿಫ್ಲೇಶನ್ ಇತ್ತು’ ಎಂಬ ಹೇಳಿಕೆ ಹಾಗೇ ಕೊಟ್ಟರೆ ನಿಲ್ಲುವುದಿಲ್ಲ. ‘ಸಗಟು ಬೆಲೆಗಳಲ್ಲಿ’ ಎಂಬ ಪದ ಸೇರಿದರೆ ನಿಲ್ಲುತ್ತದೆ.

ಯಾವುದು ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನೂ ಅದಲುಬದಲು ಮಾಡಿ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಶೇ. 4ರ ಗುರಿ, ಆಚೀಚೆ ಶೇ. 2ರ ಅವಕಾಶ, ಇದು ಗ್ರಾಮೀಣ ಮತ್ತು ನಗರ ಎರಡೂ ಸೇರಿದ ಸಂಯುಕ್ತ ಸಿಪಿಐ ಮೇಲೆ. ಅದೂ ಹೆಡ್‌ಲೈನ್ ಅಂಕಿಯ ಮೇಲೆ. ಆಹಾರ, ಇಂಧನ ತೆಗೆದ ಮೇಲೆ ಉಳಿಯುವ ಕೋರ್ ಹಣದುಬ್ಬರವನ್ನು ರಿಸರ್ವ್ ಬ್ಯಾಂಕ್ ಗಮನಿಸುತ್ತದೆ, ಆದರೆ ಗುರಿ ಇರುವುದು ಅದರ ಮೇಲಲ್ಲ. ಕೇಂದ್ರ ನೌಕರರ ತುಟ್ಟಿಭತ್ಯೆಗೆ ನೋಡುವುದು ಲೇಬರ್ ಬ್ಯೂರೋ ತಯಾರಿಸುವ ಕೈಗಾರಿಕಾ ಕಾರ್ಮಿಕರ ಸಿಪಿಐ. ಇಷ್ಟು ಸಾಕು, ಮುಂದೆ ಹೋಗೋಣ.

ರಾಷ್ಟ್ರೀಯ ಆದಾಯದ ಪದಗಳು ಹೆದರಿಸುವುದು ಅವುಗಳ ಉದ್ದದಿಂದ. ‘ಉತ್ಪಾದನಾಂಗ ವೆಚ್ಚದಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ’ ಎಂಬುದನ್ನು ಒಂದು ಹೆಸರು ಅಂತ ಓದಬೇಡಿ. ಅದು ಮೂರು ಆಯ್ಕೆಗಳ ಜೋಡಣೆ. ಒಟ್ಟು ಅಥವಾ ನಿವ್ವಳ: ಇಲ್ಲಿ ಯಂತ್ರಗಳ ಸವಕಳಿ ಕಳೆದಿದೆಯಾ ಎಂಬುದು ಪ್ರಶ್ನೆ. ದೇಶೀಯ ಅಥವಾ ರಾಷ್ಟ್ರೀಯ: ದೇಶದ ಗಡಿಯೊಳಗೆ ಉತ್ಪಾದನೆ ಆದದ್ದಾ, ಅಥವಾ ದೇಶದ ನಿವಾಸಿಗಳು ಗಳಿಸಿದ್ದಾ? ಮಾರುಕಟ್ಟೆ ಬೆಲೆ, ಮೂಲ ಬೆಲೆ ಅಥವಾ ಉತ್ಪಾದನಾಂಗ ವೆಚ್ಚ: ತೆರಿಗೆ ಸೇರಿದೆಯಾ, ಸಬ್ಸಿಡಿ ಕಳೆದಿದೆಯಾ?

ಅಂಕಿ ಇಟ್ಟು ಮಾಡೋಣ. ಮಾರುಕಟ್ಟೆ ಬೆಲೆಯಲ್ಲಿ ಜಿಡಿಪಿ 1000 ಕೋಟಿ. ಉತ್ಪನ್ನಗಳ ಮೇಲಿನ ತೆರಿಗೆಯಲ್ಲಿ ಸಬ್ಸಿಡಿ ಕಳೆದರೆ ಉಳಿಯುವುದು 90 ಕೋಟಿ. ಉತ್ಪಾದನೆಯ ಮೇಲಿನ ತೆರಿಗೆಯಲ್ಲಿ ಸಬ್ಸಿಡಿ ಕಳೆದರೆ 5 ಕೋಟಿ. ಸವಕಳಿ 100 ಕೋಟಿ. ವಿದೇಶದಿಂದ ಬರುವ ನಿವ್ವಳ ಉತ್ಪಾದನಾಂಗ ಆದಾಯ, ಅಂದರೆ ಎನ್‌ಎಫ್‌ಐಎ, ಮೈನಸ್ 20 ಕೋಟಿ. ಈಗ 1000ದಲ್ಲಿ 90 ಕಳೆದರೆ 910. ಇದು ಮೂಲ ಬೆಲೆಯಲ್ಲಿ ಜಿವಿಎ, ಅಂದರೆ ಒಟ್ಟು ಮೌಲ್ಯವರ್ಧನೆ. ಅದರಲ್ಲಿ 5 ಕಳೆದರೆ 905. ಇದು ಉತ್ಪಾದನಾಂಗ ವೆಚ್ಚದಲ್ಲಿ. ಸವಕಳಿ 100 ಕಳೆದರೆ 805. ಕೊನೆಗೆ ಮೈನಸ್ 20 ಕೂಡಿಸಿದರೆ 785. ಪರೀಕ್ಷೆಯಲ್ಲಿ ಸುಮ್ನೆ ‘ರಾಷ್ಟ್ರೀಯ ಆದಾಯ’ ಎಂದರೆ ಈ 785. ಆಯ್ಕೆಗಳಲ್ಲಿ 825 ಇದ್ದೇ ಇರುತ್ತದೆ ನೋಡಿ. ಮೈನಸ್ ಚಿಹ್ನೆ ಮರೆತು 20 ಕೂಡಿಸಿದವರಿಗಾಗಿ ಇಟ್ಟದ್ದು ಅದು.

ಉತ್ಪನ್ನದ ಮೇಲಿನ ತೆರಿಗೆ, ಉತ್ಪಾದನೆಯ ಮೇಲಿನ ತೆರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಎಷ್ಟು ಮಾರಿದಿರೋ ಅಷ್ಟಕ್ಕೆ ತಕ್ಕಂತೆ ಬೀಳುವುದು ಮೊದಲನೆಯದು. ಜಿಎಸ್‌ಟಿ, ಕಸ್ಟಮ್ಸ್ ಸುಂಕ ಇಲ್ಲಿಗೆ ಬರುತ್ತವೆ. ಮಾರಿದರೂ ಮಾರದಿದ್ದರೂ ಕಟ್ಟಬೇಕಾದ್ದು ಎರಡನೆಯದು. ಭೂ ಕಂದಾಯ, ವೃತ್ತಿ ತೆರಿಗೆ ಇಲ್ಲಿಗೆ. ಜಿಡಿಪಿಯಿಂದ ಜಿವಿಎಗೆ ಬರುವಾಗ ಮೊದಲನೆಯದನ್ನು ಮಾತ್ರ ತೆಗೆಯುತ್ತೇವೆ. ಈ ವ್ಯತ್ಯಾಸ ಸಣ್ಣದಲ್ಲ. 2023-24ರ ಮೂರನೇ ತ್ರೈಮಾಸಿಕಕ್ಕೆ ಮೊದಲು ಪ್ರಕಟವಾದ ಅಂದಾಜಿನಲ್ಲಿ ಜಿಡಿಪಿ ಬೆಳವಣಿಗೆ ಶೇ. 8.4, ಜಿವಿಎ ಬೆಳವಣಿಗೆ ಶೇ. 6.5 ಇತ್ತು. ನಡುವಿನ ಅಂತರ ಬಂದದ್ದು ನಿವ್ವಳ ತೆರಿಗೆ ಜೋರಾಗಿ ಏರಿದ್ದರಿಂದ. ಸಬ್ಸಿಡಿ ಕಡಿಮೆಯಾದರೂ ನಿವ್ವಳ ತೆರಿಗೆ ಏರುತ್ತದೆ, ಯಾಕೆಂದರೆ ಕಳೆಯಬೇಕಾದ ಮೊತ್ತ ಚಿಕ್ಕದಾಗುತ್ತದೆ. ಹೊಲದಲ್ಲಿ, ಕಾರ್ಖಾನೆಯಲ್ಲಿ, ಆಫೀಸಿನಲ್ಲಿ ಎಷ್ಟು ಹುಟ್ಟಿತು ಎಂದು ತಿಳಿಯಬೇಕಿದ್ದರೆ ನಾನು ಜಿವಿಎ ನೋಡುತ್ತೇನೆ. 2015ರ ಜನವರಿಯಲ್ಲಿ 2011-12 ಮೂಲವರ್ಷದ ಸರಣಿ ಬಂದಾಗಿನಿಂದ ವಲಯವಾರು ಅಂಕಿಗಳು ಮೂಲ ಬೆಲೆಯ ಜಿವಿಎಯಲ್ಲೇ ಬರುತ್ತಿವೆ. ಹಳೆಯ ಗೈಡುಗಳಲ್ಲಿ ‘ಉತ್ಪಾದನಾಂಗ ವೆಚ್ಚದಲ್ಲಿ ಜಿಡಿಪಿಯೇ ಭಾರತದ ಮುಖ್ಯ ಅಳತೆ’ ಎಂದಿದ್ದರೆ ಅದು ಆ ಬದಲಾವಣೆಗೆ ಮೊದಲಿನ ಮಾತು.

ಈಗ ನಿಮ್ಮಣ್ಣನ ವಿಷಯ. ಇದು ನನಗೆ ತುಂಬ ಮುಖ್ಯ ಅನ್ನಿಸುವ ಪ್ರಶ್ನೆ. ಎಷ್ಟೋ ಗೈಡುಗಳು ಇಲ್ಲಿ ತಪ್ಪು ಬರೆದು ಮಕ್ಕಳನ್ನು ದಾರಿ ತಪ್ಪಿಸುತ್ತಿವೆ. ‘ರಾಷ್ಟ್ರೀಯ ಎಂದರೆ ಭಾರತೀಯ ನಾಗರಿಕರು ಎಲ್ಲೇ ಗಳಿಸಲಿ ಅದು’ ಎಂದು ಬರೆಯುತ್ತಾರೆ. ಲೆಕ್ಕ ಪಾಸ್‌ಪೋರ್ಟ್ ನೋಡುವುದಿಲ್ಲ. ಅದು ನೋಡುವುದು ಸಾಮಾನ್ಯ ನಿವಾಸಿ ಯಾರು ಎಂದು. ಒಬ್ಬ ವ್ಯಕ್ತಿ ಒಂದು ದೇಶದಲ್ಲಿ ವರ್ಷವೋ ಅದಕ್ಕಿಂತ ಹೆಚ್ಚೋ ನೆಲೆಸಿ ಅಲ್ಲೇ ದುಡಿದು ಖರ್ಚು ಮಾಡುತ್ತಿದ್ದರೆ ಲೆಕ್ಕದಲ್ಲಿ ಆತ ಆ ದೇಶದ ನಿವಾಸಿ.

ಬೆಂಗಳೂರಿನ ಒಬ್ಬ ಇಂಜಿನಿಯರ್ ಇದ್ದಾಳೆ ಅಂದುಕೊಳ್ಳಿ. ಹತ್ತು ಲಕ್ಷ ರೂಪಾಯಿ ಮೂರು ರೀತಿಯಲ್ಲಿ ಅಮೆರಿಕದಿಂದ ಬರಬಹುದು. ಮೊದಲ ಸಲ ಆಕೆ ಬೆಂಗಳೂರಿನಲ್ಲೇ ಕೂತು, ಇಲ್ಲಿನ ಕಂಪನಿಯ ಮೂಲಕ, ಅಮೆರಿಕದ ಗ್ರಾಹಕನಿಗೆ ಸಾಫ್ಟ್‌ವೇರ್ ಬರೆದಳು. ಗ್ರಾಹಕ ಕಂಪನಿಗೆ ಹತ್ತು ಲಕ್ಷ ಕೊಟ್ಟ. ಕೆಲಸ ನಡೆದದ್ದು ಭಾರತದಲ್ಲಿ. ಇದು ಸೇವೆಗಳ ರಫ್ತು. ಭಾರತದ ಜಿಡಿಪಿಯೊಳಗೇ ಇದೆ, ಹಾಗಾಗಿ ಜಿಎನ್‌ಪಿಯಲ್ಲೂ ಇದೆ. ಎನ್‌ಎಫ್‌ಐಎಗೆ ಇದು ಬರುವುದಿಲ್ಲ. ದುಡ್ಡು ಡಾಲರಿನಲ್ಲಿ ಬಂತು ಎಂಬ ಕಾರಣಕ್ಕೆ ಇದನ್ನು ‘ವಿದೇಶದಿಂದ ಬಂದ ಆದಾಯ’ಕ್ಕೆ ಸೇರಿಸಿ ಎಷ್ಟೋ ಜನ ಅಂಕ ಕಳೆದುಕೊಳ್ಳುತ್ತಾರೆ.

ಎರಡನೇ ಸಲ ಆಕೆ ನಾಲ್ಕು ತಿಂಗಳಿಗೆ ಅಮೆರಿಕಕ್ಕೆ ಹೋದಳು. ಅಲ್ಲಿನ ಕಂಪನಿಯೇ ನೇರವಾಗಿ ಹತ್ತು ಲಕ್ಷ ಸಂಬಳ ಕೊಟ್ಟಿತು. ಕೆಲಸ ನಡೆದದ್ದು ಅಮೆರಿಕದ ಗಡಿಯೊಳಗೆ, ಹಾಗಾಗಿ ಅದು ಅಮೆರಿಕದ ಜಿಡಿಪಿ. ಆದರೆ ಆಕೆ ಇನ್ನೂ ಭಾರತದ ನಿವಾಸಿ. ಭಾರತದ ಲೆಕ್ಕದಲ್ಲಿ ಈ ಹತ್ತು ಲಕ್ಷ ಜಿಡಿಪಿಯಲ್ಲಿ ಇಲ್ಲ, ಎನ್‌ಎಫ್‌ಐಎಯಲ್ಲಿ ಇದೆ, ಅದರ ಮೂಲಕ ಜಿಎನ್‌ಪಿಗೆ ಸೇರುತ್ತದೆ. ಆಕೆ ಒಂದು ರೂಪಾಯಿಯನ್ನೂ ಮನೆಗೆ ಕಳಿಸದಿದ್ದರೂ ಸೇರುತ್ತದೆ. ಇಲ್ಲಿ ಎಣಿಸುವುದು ಗಳಿಕೆಯನ್ನು, ಕಳಿಸಿದ್ದನ್ನಲ್ಲ.

ಮೂರನೇ ಸಲ ಆಕೆ ಅಲ್ಲೇ ನೌಕರಿ ಹಿಡಿದು ಮೂರು ವರ್ಷ ನೆಲೆಸಿದಳು. ಹಾಸನದಲ್ಲಿರುವ ಅಪ್ಪ ಅಮ್ಮನಿಗೆ ಹತ್ತು ಲಕ್ಷ ಕಳಿಸಿದಳು. ಈಗ ಆಕೆ ಲೆಕ್ಕದ ಪ್ರಕಾರ ಅಮೆರಿಕದ ನಿವಾಸಿ. ಸಂಬಳ ಅಮೆರಿಕದ ಜಿಡಿಪಿಯೂ ಹೌದು, ಅಮೆರಿಕದ ಜಿಎನ್‌ಪಿಯೂ ಹೌದು. ಹಾಸನಕ್ಕೆ ಬಂದ ಹಣಕ್ಕೆ ಬದಲಾಗಿ ಅಪ್ಪ ಅಮ್ಮ ಏನನ್ನೂ ಉತ್ಪಾದಿಸಿ ಕೊಟ್ಟಿಲ್ಲ. ಅದು ವರ್ಗಾವಣೆ. ಭಾರತದ ಜಿಡಿಪಿಯಲ್ಲಿ ಇಲ್ಲ, ಜಿಎನ್‌ಪಿಯಲ್ಲೂ ಇಲ್ಲ. ಅದು ಕಾಣಿಸುವುದು ‘ಒಟ್ಟು ರಾಷ್ಟ್ರೀಯ ವೆಚ್ಚಯೋಗ್ಯ ಆದಾಯ’ ಎಂಬ ಲೆಕ್ಕದಲ್ಲಿ. ಜಿಎನ್‌ಪಿಗೆ ವಿದೇಶದಿಂದ ಬಂದ ನಿವ್ವಳ ವರ್ಗಾವಣೆಗಳನ್ನು ಕೂಡಿಸಿದರೆ ಅದು ಸಿಗುತ್ತದೆ. ನಿಮ್ಮಣ್ಣನ ದುಡ್ಡೂ ಇಲ್ಲಿಗೇ ಬರುತ್ತದೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಗಲ್ಫ್‌ನಿಂದ ಬರುವ ಹಣದ್ದೂ ಇದೇ ಲೆಕ್ಕ.

ಇದನ್ನು ಪರೀಕ್ಷಿಸಿ ನೋಡಲು ಒಂದು ದಾರಿ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ರೆಮಿಟೆನ್ಸ್ ಪಡೆಯುವ ದೇಶ ಭಾರತ. ಅದು ಎನ್‌ಎಫ್‌ಐಎಗೆ ಸೇರುವುದಾಗಿದ್ದರೆ ನಮ್ಮ ಜಿಎನ್‌ಪಿ ಜಿಡಿಪಿಗಿಂತ ದೊಡ್ಡದಿರಬೇಕಿತ್ತು. ಆದರೆ ಭಾರತದ ಎನ್‌ಎಫ್‌ಐಎ ಮೈನಸ್‌ನಲ್ಲಿದೆ, ಜಿಎನ್‌ಪಿ ಜಿಡಿಪಿಗಿಂತ ಚಿಕ್ಕದು. ಯಾಕೆಂದರೆ ಇಲ್ಲಿ ಬಂಡವಾಳ ಹೂಡಿದ ವಿದೇಶಿ ಕಂಪನಿಗಳ ಲಾಭ, ಡಿವಿಡೆಂಡು, ವಿದೇಶಿ ಸಾಲದ ಬಡ್ಡಿ ಹೊರಗೆ ಹೋಗುತ್ತದೆ. ನಮಗೆ ಆ ರೀತಿ ಒಳಗೆ ಬರುವುದು ಅದಕ್ಕಿಂತ ಕಡಿಮೆ. ಪ್ರಶ್ನೆಪತ್ರಿಕೆಯ ತಾತ್ಕಾಲಿಕ ಕೀ ಉತ್ತರದಲ್ಲಿ ರೆಮಿಟೆನ್ಸನ್ನು ಎನ್‌ಎಫ್‌ಐಎ ಎಂದು ತೋರಿಸಿದ್ದು ಕಂಡರೆ ಆಕ್ಷೇಪಣೆ ಹಾಕಿ. ಈ ವಾದ ಗಟ್ಟಿಯಾಗಿದೆ.

ಇನ್ನು ಎಂ0, ಎಂ1, ಎಂ3. ಮೊದಲೇ ಒಂದು ಮಾತು. ಜಿಡಿಪಿ ಒಂದು ವರ್ಷ ಅಥವಾ ಮೂರು ತಿಂಗಳ ಅವಧಿಯಲ್ಲಿ ಹರಿದದ್ದರ ಲೆಕ್ಕ. ಹಣದ ಪೂರೈಕೆ ಒಂದು ದಿನಾಂಕದಂದು ಎಷ್ಟಿದೆ ಎಂಬ ದಾಸ್ತಾನಿನ ಲೆಕ್ಕ. ‘2023-24ರಲ್ಲಿ ಉತ್ಪಾದನೆಯಾದ ಹಣದ ಪೂರೈಕೆ’ ಎಂಬಂಥ ಹೇಳಿಕೆ ಬಂದರೆ ಅದು ಅಲ್ಲೇ ಕೆಟ್ಟಿದೆ.

ಸಂಖ್ಯೆ ಏರುತ್ತಾ ಹೋಗುವುದರಿಂದ ಎಂ0 ಎಂ1ರೊಳಗೆ ಕೂತಿದೆ ಎಂದು ನಿಮಗೆ ಅನ್ನಿಸಿದ್ದು ಸಹಜ. ಎಂ1 ಎಂ3ರೊಳಗೆ ಕೂತಿರುವುದು ನಿಜ. ಎಂ0 ಮಾತ್ರ ಬೇರೆ ಜಾತಿ. ಎಂ1, ಎಂ3 ಜನರ ಕೈಯಲ್ಲಿರುವ ಹಣವನ್ನು ಅಳೆಯುತ್ತವೆ. ಎಂ0 ರಿಸರ್ವ್ ಬ್ಯಾಂಕ್ ಹೊರಬಿಟ್ಟ ಹಣವನ್ನು ಅಳೆಯುತ್ತದೆ. ಮೀಸಲು ಹಣ, ಹೈ ಪವರ್ಡ್ ಮನಿ ಎಂದರೂ ಇದೇ.

ಎಂ1ರಲ್ಲಿ ಇರುವುದು ಸಾರ್ವಜನಿಕರ ಬಳಿಯ ಕರೆನ್ಸಿ, ಬ್ಯಾಂಕುಗಳಲ್ಲಿನ ಬೇಡಿಕೆ ಠೇವಣಿ, ರಿಸರ್ವ್ ಬ್ಯಾಂಕಿನಲ್ಲಿರುವ ‘ಇತರೆ ಠೇವಣಿ’. ಎಂ3 ಅಂದರೆ ಎಂ1ಕ್ಕೆ ಬ್ಯಾಂಕುಗಳ ಅವಧಿ ಠೇವಣಿ ಸೇರಿಸಿದ್ದು. ಎಂ0ಯಲ್ಲಿ ಇರುವುದು ಚಲಾವಣೆಯಲ್ಲಿರುವ ಕರೆನ್ಸಿ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟ ಠೇವಣಿ, ಮತ್ತೆ ಅದೇ ‘ಇತರೆ ಠೇವಣಿ’. ‘ಚಲಾವಣೆಯಲ್ಲಿರುವ ಕರೆನ್ಸಿ’ ಮತ್ತು ‘ಸಾರ್ವಜನಿಕರ ಬಳಿಯ ಕರೆನ್ಸಿ’, ಈ ಎರಡು ಪದ ಬಂದಾಗ ನಿಂತು ಓದಿ. ಬ್ಯಾಂಕಿನ ತಿಜೋರಿಯಲ್ಲಿ, ಎಟಿಎಂನಲ್ಲಿ ಇರುವ ನೋಟು ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ. ಅಲ್ಲಿಗೆ ಎಂ0ಯ ಎರಡು ಭಾಗ, ಅಂದರೆ ತಿಜೋರಿಯ ನೋಟು ಮತ್ತು ರಿಸರ್ವ್ ಬ್ಯಾಂಕಿನಲ್ಲಿರುವ ಬ್ಯಾಂಕುಗಳ ಠೇವಣಿ, ಎಂ1ರಲ್ಲೂ ಇಲ್ಲ, ಎಂ3ರಲ್ಲೂ ಇಲ್ಲ. ಅದಕ್ಕೇ ಒಂದರೊಳಗೆ ಒಂದು ಅಲ್ಲ. ಎಂ2, ಎಂ4 ಎರಡೂ ಅಂಚೆ ಕಚೇರಿಯ ಠೇವಣಿಗೆ ಸಂಬಂಧಿಸಿದವು. ಎಂ2ರ ‘ಉಳಿತಾಯ ಠೇವಣಿ’ ಅಂಚೆ ಕಚೇರಿಯದ್ದು, ಬ್ಯಾಂಕಿನದ್ದಲ್ಲ.

ಈಗ ನಿಮ್ಮ ಜೇಬಿನಲ್ಲಿ ಹತ್ತು ಸಾವಿರ ನಗದು ಇದೆ. ಅದನ್ನು ಬ್ಯಾಂಕಿನ ಕರೆಂಟ್ ಖಾತೆಗೆ ಹಾಕಿದಿರಿ. ಸಾರ್ವಜನಿಕರ ಬಳಿಯ ಕರೆನ್ಸಿ ಹತ್ತು ಸಾವಿರ ಇಳಿಯಿತು, ಬೇಡಿಕೆ ಠೇವಣಿ ಹತ್ತು ಸಾವಿರ ಏರಿತು. ಎಂ1 ಬದಲಾಗಲಿಲ್ಲ, ಎಂ3 ಬದಲಾಗಲಿಲ್ಲ. ನೋಟು ಜೇಬಿನಿಂದ ತಿಜೋರಿಗೆ ಹೋಯಿತು, ಚಲಾವಣೆಯಿಂದ ಹೊರಗೆ ಹೋಗಲಿಲ್ಲ. ಎಂ0 ಕೂಡ ಹಾಗೇ ಇದೆ. ಅದೇ ಹಣವನ್ನು ಎಫ್‌ಡಿ ಮಾಡಿದ್ದರೆ? ಎಂ1 ಹತ್ತು ಸಾವಿರ ಕಡಿಮೆ, ಎಂ3 ಹಾಗೇ. ಯಾಕೆಂದರೆ ಎಫ್‌ಡಿ ಎಂ1ರ ಗೆರೆಯ ಹೊರಗಿದೆ, ಎಂ3ರ ಗೆರೆಯ ಒಳಗಿದೆ.

ಬ್ಯಾಂಕು ಇನ್ನೊಬ್ಬರಿಗೆ ಎಂಟು ಸಾವಿರ ಸಾಲ ಮಂಜೂರು ಮಾಡಿ ಅವರ ಖಾತೆಗೆ ಜಮಾ ಮಾಡಿತು ಅನ್ನಿ. ಆ ಕ್ಷಣಕ್ಕೆ ಬೇಡಿಕೆ ಠೇವಣಿ ಎಂಟು ಸಾವಿರ ಹೆಚ್ಚಾಯಿತು. ಎಂ1, ಎಂ3 ಎರಡೂ ಏರಿದವು. ರಿಸರ್ವ್ ಬ್ಯಾಂಕ್ ಹೊಸದಾಗಿ ಏನನ್ನೂ ಹೊರಬಿಟ್ಟಿಲ್ಲ, ಹಾಗಾಗಿ ಎಂ0 ಅಷ್ಟೇ. ಬ್ಯಾಂಕುಗಳು ಹಣ ಸೃಷ್ಟಿಸುತ್ತವೆ ಅಂದರೆ ಇದು. ಎಂ3ನ್ನು ಎಂ0ಯಿಂದ ಭಾಗಿಸಿದರೆ ಬರುವ ಮನಿ ಮಲ್ಟಿಪ್ಲೈಯರ್ ಏರಿತು.

ತೆರಿಗೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಕಡಿಮೆ ಜನ ಯೋಚಿಸುತ್ತಾರೆ. ನಿಮ್ಮ ಖಾತೆಯಿಂದ ಹತ್ತು ಸಾವಿರ ಹೋಗಿ ರಿಸರ್ವ್ ಬ್ಯಾಂಕಿನಲ್ಲಿರುವ ಕೇಂದ್ರ ಸರ್ಕಾರದ ಖಾತೆಗೆ ಸೇರಿತು. ಸರ್ಕಾರದ ಠೇವಣಿ ಎಂ1ರಲ್ಲೂ ಇಲ್ಲ, ಎಂ3ರಲ್ಲೂ ಇಲ್ಲ, ಎಂ0ಯಲ್ಲೂ ಇಲ್ಲ. ‘ಇತರೆ ಠೇವಣಿ’ ಎಂಬುದರಲ್ಲೂ ಸರ್ಕಾರದ್ದು ಇಲ್ಲ; ಅದು ವಿದೇಶಿ ಕೇಂದ್ರ ಬ್ಯಾಂಕುಗಳು, ಅಂತರರಾಷ್ಟ್ರೀಯ ಸಂಸ್ಥೆಗಳು ಮುಂತಾದವರದ್ದು. ಹಾಗಾಗಿ ಮೂರೂ ಅಂಕಿ ಇಳಿಯುತ್ತವೆ. ಸರ್ಕಾರ ಸಂಬಳವೋ ಗುತ್ತಿಗೆದಾರರ ಬಿಲ್ಲೋ ಕೊಟ್ಟಾಗ ಮತ್ತೆ ಏರುತ್ತವೆ. ಮುಂಗಡ ತೆರಿಗೆ ಕಟ್ಟುವ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ನಡುವಿನ ದಿನಗಳಲ್ಲಿ ಬ್ಯಾಂಕುಗಳಿಗೆ ನಗದಿನ ಬಿಗಿ ಆಗುವುದು ಇದೇ ಕಾರಣಕ್ಕೆ.

ಇಷ್ಟು ಹಿಡಿದುಕೊಂಡರೆ ಸಿಆರ್‌ಆರ್, ಅಂದರೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇಡಬೇಕಾದ ನಗದಿನ ಪಾಲು, ಅದರ ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ. ಸಿಆರ್‌ಆರ್ ಇಳಿಸಿದರೆ ರಿಸರ್ವ್ ಬ್ಯಾಂಕಿನಲ್ಲಿರುವ ಬ್ಯಾಂಕುಗಳ ಠೇವಣಿ ಆ ಕ್ಷಣಕ್ಕೆ ಮಾಯವಾಗುವುದಿಲ್ಲ. ಅದರಲ್ಲಿ ಕಡ್ಡಾಯದ ಭಾಗ ಕಡಿಮೆಯಾಗಿ ಬಳಸಬಹುದಾದ ಭಾಗ ಹೆಚ್ಚಾಗುತ್ತದೆ. ಅಂದರೆ ಎಂ0 ಅಷ್ಟೇ ಇರುತ್ತದೆ. ಬ್ಯಾಂಕುಗಳು ಸಾಲ ಕೊಟ್ಟಂತೆ ಮಲ್ಟಿಪ್ಲೈಯರ್ ಏರಿ ಎಂ3 ಹೆಚ್ಚುತ್ತದೆ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಂದ ಸರ್ಕಾರಿ ಬಾಂಡು ಕೊಂಡರೆ ಕಥೆ ಬೇರೆ. ಆಗ ಎಂ0 ನೇರವಾಗಿ ಏರುತ್ತದೆ. ಎರಡಕ್ಕೂ ‘ಹಣದ ಪೂರೈಕೆ ಹೆಚ್ಚಿಸುವ ಕ್ರಮ’ ಎಂದೇ ಹೇಳುತ್ತಾರೆ. ‘ಎರಡೂ ಮೀಸಲು ಹಣವನ್ನು ಹೆಚ್ಚಿಸುತ್ತವೆ’ ಎಂದು ಆಯ್ಕೆಯಲ್ಲಿ ಬಂದರೆ ತಪ್ಪು.

ಇವೆಲ್ಲ ಒಟ್ಟಿಗೆ ಕಾಣಿಸಿದ್ದು 2016ರ ನೋಟು ರದ್ದತಿಯಲ್ಲಿ. ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ಸುಮಾರು 15.41 ಲಕ್ಷ ಕೋಟಿ ಮೌಲ್ಯದ ನೋಟುಗಳು ರದ್ದಾದವು. ಅವುಗಳಲ್ಲಿ ಶೇ. 99ಕ್ಕೂ ಹೆಚ್ಚು ಬ್ಯಾಂಕಿಗೆ ವಾಪಸ್ ಬಂದವು. ಜನ ನೋಟು ಕಟ್ಟಿ ಠೇವಣಿ ಪಡೆದರು. ನಿಮ್ಮ ಹತ್ತು ಸಾವಿರಕ್ಕೆ ಆದದ್ದೇ ಇಲ್ಲೂ ಆಯಿತು: ಕರೆನ್ಸಿ ಇಳಿಯಿತು, ಠೇವಣಿ ಏರಿತು, ಆ ಬದಲಾವಣೆಯಿಂದ ಎಂ3 ಕುಸಿಯಲಿಲ್ಲ. 2016-17ರ ಇಡೀ ವರ್ಷಕ್ಕೆ ನೋಡಿದರೆ ಎಂ3 ಬೆಳೆದೇ ಇತ್ತು. ಎಂ0 ಮಾತ್ರ ಗಣನೀಯವಾಗಿ ಇಳಿಯಿತು. ಬ್ಯಾಂಕುಗಳು ತಮಗೆ ಬಂದ ಹಣವನ್ನು ರಿಸರ್ವ್ ಬ್ಯಾಂಕಿನಲ್ಲಿ ಸುಮ್ನೆ ಠೇವಣಿಯಾಗಿ ಬಿಟ್ಟಿದ್ದರೆ ಅದು ಎಂ0ಯೊಳಗೇ ಉಳಿಯುತ್ತಿತ್ತು. ಆದರೆ ದೊಡ್ಡ ಪಾಲು ರಿಸರ್ವ್ ಬ್ಯಾಂಕ್ ಹೆಚ್ಚುವರಿ ಹಣ ಹೀರಿಕೊಳ್ಳಲು ಬಳಸುವ ರಿವರ್ಸ್ ರೆಪೊಗೂ ಮಾರುಕಟ್ಟೆ ಸ್ಥಿರೀಕರಣ ಯೋಜನೆಯ ಬಾಂಡುಗಳಿಗೂ ಹೋಯಿತು. ಅವು ಎಂ0ಯ ಲೆಕ್ಕದಿಂದ ಹೊರಗೆ. ಮೇಲಿನ ಅಂಕಿ ಏರಿ ಕೆಳಗಿನ ಅಂಕಿ ಇಳಿದದ್ದರಿಂದ ಮಲ್ಟಿಪ್ಲೈಯರ್ ಜಿಗಿಯಿತು. ಬ್ಯಾಂಕುಗಳು ಜಾಸ್ತಿ ಸಾಲ ಕೊಟ್ಟದ್ದರಿಂದ ಅಲ್ಲ. ಹಾಗಾಗಿ ‘2016-17ರಲ್ಲಿ ಹಣದ ಪೂರೈಕೆ ಕುಸಿಯಿತು’ ಎಂಬ ಹೇಳಿಕೆ ಬಂದರೆ ಪಕ್ಕದಲ್ಲಿ ಯಾವ ಹೆಸರು ಬರೆದಿದ್ದಾರೆ ನೋಡಿ. ವಿಶಾಲ ಹಣ, ಅಂದರೆ ಎಂ3, ಎಂದಿದ್ದರೆ ತಪ್ಪು, ಮೀಸಲು ಹಣ ಎಂದಿದ್ದರೆ ಸರಿ.